ಭೀಮನ ಅಮಾವಾಸ್ಯೆಗೆ ಮೊದಲೇ ಬಂದ ಶ್ರಾವಣ

2022ರ ಆಗಸ್ಟ್ 15, ಸೋಮವಾರ. ದೆಹಲಿಯಲ್ಲಿ ನಮ್ಮ ಬ್ಯಾಂಕಿನ ಧ್ವಜಾರೋಹಣ ಮುಗಿಸಿ ಮನೆಗೆ ಬಂದು ಕೂತಿದ್ದೆ. ಸಾಗರದಿಂದ ತಮ್ಮನ ಫೋನ್ ಬಂತು. ‘ಅಣ್ಣಾ, ನಾಳೆ ಅಪ್ಪನ ತಿಥಿ. ಅಲ್ಲಿ ಭಟ್ರು ಸಿಕ್ಕಿದ್ರಾ?’ ಎಂದು ಕೇಳಿದ.

ನನಗೆ ಅರ್ಥವಾಗಲಿಲ್ಲ. ‘ನಾನು ಹೋದ ತಿಂಗಳೇ ಮಾಡಿದ್ನಲ್ಲೋ, ಜುಲೈ 18ಕ್ಕೆ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಫೋನ್ ತೆಗೆದುಕೊಂಡರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಭೀಮನ ಅಮಾವಾಸ್ಯೆ ಆಗದೆ ನಿಂಗೆ ಶ್ರಾವಣ ಎಲ್ಲಿಂದ ಬಂತು ಮಗಾ?’

ಅಪ್ಪ ತೀರಿಕೊಂಡದ್ದು 2018ರ ಆಗಸ್ಟ್ 31ರಂದು, ಬೆಳಗಿನ ಹನ್ನೊಂದರ ಹೊತ್ತಿಗೆ. ಅಂದು ಶ್ರಾವಣ ಬಹುಳ ಪಂಚಮಿ. ದೆಹಲಿಗೆ ವರ್ಗವಾಗಿ ಬಂದ ಮೊದಲ ವರ್ಷ ಅದು. ಪರಿಚಯದವರೊಬ್ಬರು ಕೊಟ್ಟ ನಂಬರಿಗೆ ಫೋನ್ ಮಾಡಿ, ನನಗೆ ಬರುವ ಹಿಂದಿಯಲ್ಲಿ ‘ಶ್ರಾವಣ ಕೃಷ್ಣ ಪಂಚಮಿ’ ಎಂದು ಹೇಳಿದ್ದೆ. ಪಂಡಿತರು ಪಂಚಾಂಗ ತಿರುವಿ ಜುಲೈ 18 ಎಂದರು. ನಾನು ರಜೆ ಹಾಕಿ, ಅವರು ಹೇಳಿದ ಸಾಮಾನು ತಂದು, ಶ್ರದ್ಧೆಯಿಂದಲೇ ಕಾರ್ಯ ಮುಗಿಸಿದ್ದೆ. ಪಂಡಿತರು ತಪ್ಪು ಲೆಕ್ಕ ಹಾಕಿರಲಿಲ್ಲ. ಅವರ ಪಂಚಾಂಗದಲ್ಲಿ ಶ್ರಾವಣ ಕೃಷ್ಣ ಪಂಚಮಿ ಅಂದೇ ಇತ್ತು. ನಮ್ಮ ಪಂಚಾಂಗದಲ್ಲಿ ಅದೇ ದಿನ ಆಷಾಢ ಬಹುಳ ಪಂಚಮಿ. ಸತ್ತ ಅಪ್ಪನಿಗೆ ನಾನು ಇಪ್ಪತ್ತೊಂಬತ್ತು ದಿನ ಮುಂಚೆ ಪಿಂಡ ಇಟ್ಟಿದ್ದೆ.

ಊರಿನಲ್ಲಿದ್ದಾಗ ಇದು ನಮಗೆ ಎದುರಾಗುವ ವಿಷಯವೇ ಅಲ್ಲ. ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇರುತ್ತದೆ, ಭಟ್ಟರು ಅದೇ ಊರಿನವರು, ಅಮ್ಮ ಹದಿನೈದು ದಿನ ಮೊದಲೇ ನೆನಪಿಸುತ್ತಾರೆ. ಹೊರಗೆ ಬಂದವರು ಮಾಸದ ಹೆಸರೊಂದನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತೇವೆ. ಆ ಹೆಸರು ಎಲ್ಲ ಕಡೆಯೂ ಒಂದೇ ಅರ್ಥ ಕೊಡುತ್ತದೆ ಎಂದು ನಂಬಿರುತ್ತೇವೆ. ಅದು ಹಾಗಿಲ್ಲ ಎಂಬುದನ್ನು ನಾನು ಎರಡು ಊರುಗಳಲ್ಲಿ ಕಲಿಯಬೇಕಾಯಿತು.

ಮೊದಲು ದೆಹಲಿಯ ಲೆಕ್ಕ. ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಮರುದಿನ ಪಾಡ್ಯದಿಂದ ಶುದ್ಧ ಪಕ್ಷ, ಹುಣ್ಣಿಮೆ ಕಳೆದ ಮೇಲೆ ಬಹುಳ ಪಕ್ಷ. ಇದು ಅಮಾಂತ ಪದ್ಧತಿ. ಉತ್ತರ ಭಾರತದ ಬಹುಪಾಲು ಕಡೆ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಅವರಿಗೆ ಕೃಷ್ಣ ಪಕ್ಷ ಮೊದಲು, ಶುಕ್ಲ ಪಕ್ಷ ಆಮೇಲೆ. ಇದು ಪೂರ್ಣಿಮಾಂತ. ಆಕಾಶದಲ್ಲಿ ಚಂದ್ರ ಒಬ್ಬನೇ, ತಿಥಿಯೂ ಒಂದೇ. ಶುಕ್ಲ ಪಕ್ಷದಲ್ಲಿ ಮಾಸದ ಹೆಸರೂ ಒಂದೇ. ಆದರೆ ಕೃಷ್ಣ ಪಕ್ಷಕ್ಕೆ ಬಂದಾಗ ಅವರ ಹೆಸರು ನಮಗಿಂತ ಒಂದು ತಿಂಗಳು ಮುಂದೆ ಇರುತ್ತದೆ.

ಹಬ್ಬಗಳಿಂದ ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಫಾಲ್ಗುಣ ಕೃಷ್ಣ ಚತುರ್ದಶಿ. ಗೋಕುಲಾಷ್ಟಮಿ ನಮಗೆ ಶ್ರಾವಣ ಬಹುಳ ಅಷ್ಟಮಿ, ಅವರಿಗೆ ಭಾದ್ರಪದ ಕೃಷ್ಣ ಅಷ್ಟಮಿ. ದೀಪಾವಳಿಯ ಅಮಾವಾಸ್ಯೆ ನಮಗೆ ಆಶ್ವಯುಜದ್ದು, ಅವರಿಗೆ ಕಾರ್ತಿಕದ್ದು. ಹಬ್ಬ ಆಚರಿಸುವ ದಿನ ಒಂದೇ ಆದ್ದರಿಂದ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ವೈಯಕ್ತಿಕ ತಿಥಿಗೆ ಮಾತ್ರ ಹಾಗೆ ಕಾಯುವ ಹಬ್ಬವಿಲ್ಲ. ಹೆಸರು ಹೇಳಿದ ಹಾಗೆ ದಿನ ಬರುತ್ತದೆ. ನಾನು ಅಂದು ಪಂಡಿತರಿಗೆ ‘ಭಾದ್ರಪದ ಕೃಷ್ಣ ಪಂಚಮಿ’ ಎಂದಿದ್ದರೆ ಅವರು ಆಗಸ್ಟ್ 16 ಎಂದೇ ಹೇಳುತ್ತಿದ್ದರು.

ಎಚ್ಚರಿಕೆಯ ಗಂಟೆ ಆಗಲೇ ಬಾರಿಸಿತ್ತು, ನನಗೆ ಕೇಳಿಸಲಿಲ್ಲ ಅಷ್ಟೆ. ಜುಲೈ 14ಕ್ಕೇ ಕಚೇರಿಯಲ್ಲಿ ‘ಸಾವನ್’ ಶುರುವಾಗಿತ್ತು. ಸಹೋದ್ಯೋಗಿಗಳು ಮಾಂಸ ಬಿಟ್ಟಿದ್ದರು, 18ರ ಸೋಮವಾರ ಉಪವಾಸ ಮಾಡಿದ್ದರು. ನಮ್ಮ ಮನೆಯಲ್ಲಿ ಇನ್ನೂ ಆಷಾಢ. ಹೆಂಡತಿ ಭೀಮನ ಅಮಾವಾಸ್ಯೆಯ ಪೂಜೆ ಮಾಡಿದ್ದು ಜುಲೈ 28ಕ್ಕೆ. ನಮ್ಮ ಶ್ರಾವಣ ಹುಟ್ಟಿದ್ದು ಅದರ ಮರುದಿನ. ಆಷಾಢದ ಕೊನೆಯ ದಿನವೇ ಭೀಮನ ಅಮಾವಾಸ್ಯೆ. ಅದು ಬರುವ ಮೊದಲೇ ಶ್ರಾವಣದ ತಿಥಿ ಮಾಡಿದ ನನಗೆ ಅಮ್ಮ ಕೇಳಿದ ಪ್ರಶ್ನೆಯಲ್ಲಿ ಪಂಚಾಂಗಶಾಸ್ತ್ರವೆಲ್ಲ ಇತ್ತು.

ಪುಣೆ, ಮುಂಬೈ, ಹೈದರಾಬಾದಿನಲ್ಲಿರುವವರಿಗೆ ಈ ತೊಂದರೆ ಇಲ್ಲ. ಮರಾಠಿ, ತೆಲುಗು ಪಂಚಾಂಗಗಳೂ ಅಮಾಂತವೇ. ಮರಾಠಿಯವರು ಬಹುಳಕ್ಕೆ ‘ವದ್ಯ’ ಎನ್ನುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಚೆನ್ನೈ ವಿಷಯ ಬೇರೆ. ಅಲ್ಲಿ ನಾನು ದೆಹಲಿಗಿಂತ ಮೊದಲು ಮೂರು ವರ್ಷ ಇದ್ದೆ. ನಿಜ ಹೇಳಬೇಕೆಂದರೆ ಪಾಠವನ್ನು ಅಲ್ಲೇ ಕಲಿಯಬೇಕಿತ್ತು.

ತಮಿಳಿನ ತಿಂಗಳು ಚಂದ್ರನದಲ್ಲ, ಸೂರ್ಯನದು. ಸೂರ್ಯ ಕರ್ಕ ರಾಶಿಯಲ್ಲಿರುವಷ್ಟು ದಿನ ‘ಆಡಿ’, ಸಿಂಹ ರಾಶಿಯಲ್ಲಿರುವಷ್ಟು ದಿನ ‘ಆವಣಿ’. ತುಳುನಾಡಿನವರಿಗೆ ಇದು ಹೊಸದಲ್ಲ, ಅವರ ಆಟಿ, ಸೋಣ ಕೂಡ ಇದೇ ಲೆಕ್ಕ. ಚೆನ್ನೈನ ಪುರೋಹಿತರು ಮೊದಲ ಬಾರಿ ನನ್ನನ್ನು ಕೇಳಿದ್ದು ‘ಯಾವ ತಿಂಗಳು, ಆವಣಿಯೇ?’ ಎಂದು. ಆಗಸ್ಟ್ 31 ಆವಣಿಯಲ್ಲೇ ಬರುವುದರಿಂದ ಹೌದು ಎಂದೆ. 2019ರಲ್ಲಿ ಅಪ್ಪನ ತಿಥಿ ಆಗಸ್ಟ್ 20ಕ್ಕೆ ಬಂತು. ಆವಣಿ ಶುರುವಾಗಿ ಮೂರ್ನಾಲ್ಕು ದಿನವಾಗಿತ್ತು, ಎರಡೂ ಲೆಕ್ಕ ಕೂಡಿಬಂತು, ನನಗೆ ಏನೂ ತಿಳಿಯಲಿಲ್ಲ. ಮರುವರ್ಷ ನಮ್ಮ ಶ್ರಾವಣ ಬಹುಳ ಪಂಚಮಿ ಆಗಸ್ಟ್ 8ಕ್ಕೇ ಬಂತು. ಅದಿನ್ನೂ ಆಡಿ ತಿಂಗಳು. ಆವಣಿಯ ಕೃಷ್ಣ ಪಂಚಮಿ ಹುಡುಕಿದ ಪುರೋಹಿತರು ಸೆಪ್ಟೆಂಬರ್ ಮೊದಲ ವಾರದ ದಿನ ಕೊಟ್ಟರು. ಅವರ ಸಂಪ್ರದಾಯದ ಪ್ರಕಾರ ಅದೇ ಸರಿ. ಲಾಕ್‌ಡೌನ್ ಸಮಯ, ತಮ್ಮ ಪ್ರತಿದಿನ ಫೋನ್ ಮಾಡುತ್ತಿದ್ದ ಕಾರಣ ನಾನು ಬಚಾವಾದೆ. ಆಗ ‘ಚೆನ್ನೈನಲ್ಲಿ ಏನೋ ಬೇರೆ ಲೆಕ್ಕ’ ಎಂದುಕೊಂಡು ಸುಮ್ಮನಾದೆ. ‘ನಮ್ಮದು ಯಾವ ಲೆಕ್ಕ’ ಎಂದು ಕೇಳಿಕೊಳ್ಳಲಿಲ್ಲ.

ನಮ್ಮದು ಯಾವ ಲೆಕ್ಕ? ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಪಟ್ಟಿ ಇದೆ. ಚೈತ್ರ ಅಂದರೆ ಮಾರ್ಚ್-ಏಪ್ರಿಲ್, ವೈಶಾಖ ಅಂದರೆ ಏಪ್ರಿಲ್-ಮೇ, ಶ್ರಾವಣ ಅಂದರೆ ಜುಲೈ-ಆಗಸ್ಟ್. ಜತೆಗೆ ಎರಡೆರಡು ತಿಂಗಳಿಗೆ ಒಂದು ಋತು. ಈ ಪಟ್ಟಿ ಸುಳ್ಳಲ್ಲ, ಆದರೆ ಮೋಟು. ನನ್ನ ಡೈರಿಯಲ್ಲಿ ಅಪ್ಪನ ತಿಥಿ ಬಂದ ದಿನಗಳು ಹೀಗಿವೆ: 2018ರಲ್ಲಿ ಆಗಸ್ಟ್ 31, ಮುಂದಿನ ವರ್ಷ ಆಗಸ್ಟ್ 20, 2020ರಲ್ಲಿ ಆಗಸ್ಟ್ 8, 2021ರಲ್ಲಿ ಆಗಸ್ಟ್ 27, 2022ರಲ್ಲಿ ಆಗಸ್ಟ್ 16, 2023ರಲ್ಲಿ ಸೆಪ್ಟೆಂಬರ್ 4. ಒಮ್ಮೆಯೂ ಜುಲೈಗೆ ಬಂದಿಲ್ಲ, ಸೆಪ್ಟೆಂಬರಿಗೆ ಬಂದಿದೆ.

ಈ ದಿನಗಳನ್ನು ಸಾಲಾಗಿ ಬರೆದು ನೋಡಿದಾಗ ಅದರ ನಡಿಗೆ ಕಾಣಿಸುತ್ತದೆ. ಹನ್ನೆರಡು ಚಾಂದ್ರ ಮಾಸ ಸೇರಿದರೆ ಸುಮಾರು 354 ದಿನ. ಹಾಗಾಗಿ ತಿಥಿ ಪ್ರತಿ ವರ್ಷ ಹತ್ತು ಹನ್ನೆರಡು ದಿನ ಹಿಂದೆ ಸರಿಯುತ್ತದೆ. ಹೀಗೇ ಬಿಟ್ಟರೆ ಶ್ರಾವಣ ಬೇಸಿಗೆಗೆ ಬಂದುಬಿಡುತ್ತದೆ. ಅದನ್ನು ತಡೆಯಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ, ತಿಥಿ ಒಂದೇ ಸಲಕ್ಕೆ ಹತ್ತೊಂಬತ್ತು ದಿನ ಮುಂದೆ ಜಿಗಿಯುತ್ತದೆ. 2020ರಲ್ಲಿ ಅಧಿಕ ಆಶ್ವಯುಜ ಬಂತು, ಅದರ ಫಲ 2021ರ ಶ್ರಾವಣದಲ್ಲಿ ಕಂಡಿತು. 2023ರಲ್ಲಿ ಶ್ರಾವಣವೇ ಎರಡು ಬಂತು. ನಾವು ಕಾರ್ಯ ಮಾಡಿದ್ದು ನಿಜ ಶ್ರಾವಣದಲ್ಲಿ, ಆದ್ದರಿಂದ ಸೆಪ್ಟೆಂಬರ್. 2026ರಲ್ಲಿ ಅಧಿಕ ಜ್ಯೇಷ್ಠ. ಆಗಲೂ ತಿಥಿ ಸೆಪ್ಟೆಂಬರ್ ಮೊದಲ ವಾರಕ್ಕೆ ಹೋಗುತ್ತದೆ.

ಶಾಲೆಯ ಪಟ್ಟಿಗಿಂತ ಗಟ್ಟಿಯಾದ ಸೂತ್ರವೊಂದಿದೆ. ನಮ್ಮ ಮಾಸದ ಹೆಸರು ನಿಂತಿರುವುದು ಆ ಮಾಸದಲ್ಲಿ ಬರುವ ಸಂಕ್ರಮಣದ ಮೇಲೆ. ಜನವರಿ ಮಧ್ಯದ ಮಕರ ಸಂಕ್ರಮಣ ಯಾವ ಚಾಂದ್ರ ಮಾಸದಲ್ಲಿ ಬರುತ್ತದೆಯೋ ಅದು ಪುಷ್ಯ. ಏಪ್ರಿಲ್ 14ರ ಮೇಷ ಸಂಕ್ರಮಣ ಬರುವುದು ಚೈತ್ರದಲ್ಲಿ. ಆಗಸ್ಟ್ 17ರ ಆಸುಪಾಸಿನ ಸಿಂಹ ಸಂಕ್ರಮಣ ಬರುವುದು ಶ್ರಾವಣದಲ್ಲಿ. ಸಂಕ್ರಮಣವೇ ಇಲ್ಲದೆ ಹೋದ ಮಾಸ ಅಧಿಕ. 2023ರಲ್ಲಿ ಅಧಿಕ ಶ್ರಾವಣ ಆಗಸ್ಟ್ 16ಕ್ಕೆ ಮುಗಿಯಿತು, ಸೂರ್ಯ ಸಿಂಹಕ್ಕೆ ಹೋದದ್ದು 17ಕ್ಕೆ. ಅಂದೇ ನಿಜ ಶ್ರಾವಣ ಆರಂಭವಾಯಿತು. ಇದನ್ನು ತಿಳಿದವನಿಗೆ ‘ಶ್ರಾವಣ ಅಂದರೆ ಆಗಸ್ಟ್ 17 ಒಳಗೊಂಡ ತಿಂಗಳು’ ಎಂಬ ಒಂದೇ ಮಾತು ಸಾಕು. ಜುಲೈ 18ರಂದು ಬಹುಳ ಪಕ್ಷ ನಡೆಯುತ್ತಿದ್ದರೆ, ಆ ಮಾಸ ಅಮಾವಾಸ್ಯೆಗೆ ಮುಗಿದುಹೋಗುತ್ತದೆ, ಆಗಸ್ಟ್ 17ರವರೆಗೆ ಅದು ಉಳಿಯುವುದೇ ಇಲ್ಲ. ಅಂದರೆ ಅದು ಶ್ರಾವಣ ಆಗಲಾರದು. ನಾನು ಅಂದು ಇಷ್ಟು ಯೋಚಿಸಿದ್ದರೆ ಸಾಕಿತ್ತು.

ಅಮ್ಮನ ಬಳಿ ಇನ್ನೊಂದು ಲೆಕ್ಕ ಇದೆ, ಅದು ಮಳೆಯದು. ಅಪ್ಪ ಹೋದದ್ದು ‘ಮಘೆ ಮಳೆ ಮುಗಿದು ಹುಬ್ಬೆ ಹಿಡಿಯೋ ಹೊತ್ತು’ ಎನ್ನುತ್ತಾರೆ. ಮಳೆ ನಕ್ಷತ್ರಗಳು ಸೂರ್ಯನ ದಾರಿಯ ಲೆಕ್ಕ. ಹಾಗಾಗಿ ಅವು ಇಂಗ್ಲಿಷ್ ತಾರೀಕಿಗೆ ಅಂಟಿಕೊಂಡೇ ಇರುತ್ತವೆ. ಮೃಗಶಿರ ಜೂನ್ ಮೊದಲ ವಾರ ಕಳೆಯುತ್ತಲೇ, ಆರಿದ್ರೆ ಜೂನ್ 21-22ರ ಸುಮಾರಿಗೆ, ಹುಬ್ಬೆ ಆಗಸ್ಟ್ ಕೊನೆಗೆ. ರೈತರು ಬಿತ್ತನೆಗೆ ಜ್ಯೇಷ್ಠ, ಆಷಾಢ ಎನ್ನದೆ ಮಳೆಯ ಹೆಸರು ಹೇಳುವುದು ಇದೇ ಕಾರಣಕ್ಕೆ. ಪುಸ್ತಕದ ಪ್ರಕಾರ ಜ್ಯೇಷ್ಠ, ಆಷಾಢ ಗ್ರೀಷ್ಮ ಋತು. ಮಲೆನಾಡಿನಲ್ಲಿ ಆಗ ಸೂರು ಸೋರುತ್ತಿರುತ್ತದೆ. ಅಪ್ಪನ ಸಾವಿಗೆ ಹೀಗೆ ಎರಡು ಗುರುತು ಇದೆ. ಹುಬ್ಬೆ ಮಳೆ ಪ್ರತಿವರ್ಷ ಅದೇ ಜಾಗದಲ್ಲಿ ನಿಂತಿರುತ್ತದೆ, ಪಂಚಮಿ ಅದರ ಹಿಂದೆ ಮುಂದೆ ಓಡಾಡುತ್ತದೆ.

ಮಾಸ ಸರಿಹೋದ ಮೇಲೂ ಒಂದು ಗಂಟು ಉಳಿಯುತ್ತದೆ, ಅದು ದಿನದ್ದು. 2024ರಲ್ಲಿ ಗೋಡೆಯ ಕ್ಯಾಲೆಂಡರ್ ನೋಡಿದೆ. ಆಗಸ್ಟ್ 24ರ ಶನಿವಾರಕ್ಕೆ ಪಂಚಮಿ ಎಂದಿತ್ತು. ನಾಲ್ಕನೇ ಶನಿವಾರ, ಬ್ಯಾಂಕಿಗೆ ಹೇಗೂ ರಜೆ. ಖುಷಿಯಿಂದ ತಮ್ಮನಿಗೆ ಹೇಳಿದರೆ ಅವನು ‘ಇಲ್ಲಣ್ಣ, ಶುಕ್ರವಾರ’ ಎಂದ. ಕ್ಯಾಲೆಂಡರಿನವರು ಅಚ್ಚು ಹಾಕುವುದು ಸೂರ್ಯೋದಯಕ್ಕೆ ಇರುವ ತಿಥಿಯನ್ನು. ಶ್ರಾದ್ಧಕ್ಕೆ ಬೇಕಾದದ್ದು ಅಪರಾಹ್ನದಲ್ಲಿ ಇರುವ ತಿಥಿ. ಹಗಲನ್ನು ಐದು ಭಾಗ ಮಾಡಿದರೆ ನಾಲ್ಕನೆಯದು ಅಪರಾಹ್ನ, ಆಗಸ್ಟಿನಲ್ಲಿ ಸುಮಾರು ಒಂದೂವರೆಯಿಂದ ನಾಲ್ಕರವರೆಗೆ. ಆ ವರ್ಷ ಪಂಚಮಿ ಶುಕ್ರವಾರ ಬೆಳಗ್ಗೆ ಹತ್ತೂವರೆ ಸುಮಾರಿಗೆ ಶುರುವಾಗಿ, ಶನಿವಾರ ಬೆಳಗ್ಗೆ ಎಂಟಕ್ಕೆ ಮೊದಲೇ ಮುಗಿದಿತ್ತು. ಶನಿವಾರದ ಮಧ್ಯಾಹ್ನಕ್ಕೆ ಇದ್ದದ್ದು ಷಷ್ಠಿ. ನಾನು ಶುಕ್ರವಾರ ರಜೆ ಹಾಕಿದೆ.

2025ರಲ್ಲಿ ಇನ್ನೂ ವಿಚಿತ್ರ. ನಾನು ನೋಡುವ ದೃಕ್ ಗಣಿತದ ಪಂಚಾಂಗದಲ್ಲಿ ಆಗಸ್ಟ್ 13ರ ಸೂರ್ಯೋದಯಕ್ಕೆ ಚೌತಿ, 14ರ ಸೂರ್ಯೋದಯಕ್ಕೆ ಷಷ್ಠಿ. ಪಂಚಮಿ 13ರ ಬೆಳಗ್ಗೆ ಆರೂವರೆ ದಾಟಿದ ಮೇಲೆ ಹುಟ್ಟಿ ಮರುದಿನ ಬೆಳಕು ಹರಿಯುವ ಮೊದಲೇ ಮುಗಿದಿತ್ತು. ಇದೇ ಕ್ಷಯ ತಿಥಿ. ದಿನಕ್ಕೊಂದೇ ತಿಥಿ ಅಚ್ಚಾಗುವ ಕ್ಯಾಲೆಂಡರಿನಲ್ಲಿ ಹುಡುಕಿದವನಿಗೆ ಅಪ್ಪನ ತಿಥಿಯೇ ಸಿಗುತ್ತಿರಲಿಲ್ಲ. 13ರ ಮಧ್ಯಾಹ್ನವಿಡೀ ಇದ್ದದ್ದು ಪಂಚಮಿಯೇ, ಕಾರ್ಯ ನಡೆದದ್ದೂ ಅಂದೇ.

ಇಷ್ಟೆಲ್ಲ ತಾಪತ್ರಯ ಯಾಕೆ, ಆಗಸ್ಟ್ 31 ಎಂದು ಇಟ್ಟುಕೊಂಡುಬಿಡು ಎನ್ನುತ್ತಾನೆ ಹೈದರಾಬಾದಿನಲ್ಲಿರುವ ನನ್ನ ಚಿಕ್ಕಪ್ಪನ ಮಗ. ಮೊಬೈಲಿನಲ್ಲಿ ಒಮ್ಮೆ ಹಾಕಿದರೆ ಪ್ರತಿವರ್ಷ ತಾನಾಗಿ ನೆನಪಿಸುತ್ತದೆ ಎಂಬುದು ಅವನ ವಾದ. ನನಗೆ ಅದರಲ್ಲಿ ತಕರಾರಿಲ್ಲ. ಆಗಸ್ಟ್ 31ಕ್ಕೆ ಅಪ್ಪನ ಫೋಟೋಗೆ ಹೂ ಇಡುವ ಮಗ, ತಿಥಿ ಮಾಡುವ ಮಗನಿಗಿಂತ ಕಡಿಮೆ ಏನಲ್ಲ. ಆದರೆ ಸಾಗರದಲ್ಲಿ ತಮ್ಮ ಒಂದು ದಿನ, ದೆಹಲಿಯಲ್ಲಿ ನಾನೊಂದು ದಿನ, ಹೈದರಾಬಾದಿನಲ್ಲಿ ಇನ್ನೊಂದು ದಿನ ಎಂದಾಗುವುದು ನನಗೆ ಒಪ್ಪಿಗೆಯಿಲ್ಲ. ಬೇರೆ ಬೇರೆ ಊರಿನಲ್ಲಿ ಚದುರಿಹೋದ ಮನೆಯವರು ಅದೇ ಹೊತ್ತಿಗೆ ಅದೇ ಮನುಷ್ಯನನ್ನು ನೆನೆಯುತ್ತಾರೆ ಎಂಬುದೇ ಈ ದಿನದ ಅರ್ಥ ಎಂದು ನಾನು ತಿಳಿದಿದ್ದೇನೆ. 2022ರ ಆಗಸ್ಟ್ 16ರಂದು ಊರಿನಲ್ಲಿ ಎಲ್ಲರೂ ಎಲೆಯ ಮುಂದೆ ಕೂತಿದ್ದಾಗ ನಾನು ಕಚೇರಿಯಲ್ಲಿ ಸಾಲದ ಫೈಲು ನೋಡುತ್ತಿದ್ದೆ. ನನ್ನನ್ನು ಚುಚ್ಚಿದ್ದು ಶಾಸ್ತ್ರ ತಪ್ಪಿತು ಎಂಬುದಲ್ಲ, ಅದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ತಪ್ಪು ನಮ್ಮನ್ನು ಕೇಳುವ ಪಂಡಿತರದಲ್ಲ, ಅರ್ಧ ವಿಳಾಸ ಹೇಳುವ ನಮ್ಮದು. ‘ಶ್ರಾವಣ ಪಂಚಮಿ’ ಎಂಬುದು ಪಿನ್ ಕೋಡ್ ಇಲ್ಲದ ಕಾಗದ. ಮಾಸ, ಪಕ್ಷ, ತಿಥಿ ಮೂರನ್ನೂ ಬರೆಯಬೇಕು. ಜತೆಗೆ ತೀರಿಕೊಂಡ ಇಂಗ್ಲಿಷ್ ದಿನಾಂಕ ಮತ್ತು ಗಂಟೆಯನ್ನೂ ಬರೆಯಬೇಕು, ಏಕೆಂದರೆ ತಿಥಿ ನಡುಮಧ್ಯಾಹ್ನವೂ ಬದಲಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಹಬ್ಬವೊಂದನ್ನು ಸೇರಿಸಬೇಕು. ‘ಗೋಕುಲಾಷ್ಟಮಿಗೆ ಮೂರು ತಿಥಿ ಮೊದಲು’ ಎಂದರೆ ದೆಹಲಿಯ ಪಂಡಿತರಿಗೂ ಸಾಗರದ ಭಟ್ಟರಿಗೂ ಅದೇ ಪಂಚಮಿ ಸಿಗುತ್ತದೆ. ಅವರು ಅದನ್ನು ಭಾದ್ರಪದ ಎನ್ನಲಿ, ನಾವು ಶ್ರಾವಣ ಎನ್ನೋಣ.

ಇನ್ನೊಂದು ಮಾತು. ಪಂಚಾಂಗ ಮನೆಯದ್ದೇ ಇರಲಿ. ತಿಥಿ ಮುಗಿಯುವ ಗಳಿಗೆ ದೆಹಲಿಗೂ ಸಾಗರಕ್ಕೂ ಒಂದೇ, ಬದಲಾಗುವುದು ಸೂರ್ಯೋದಯ ಮಾತ್ರ. ಆದರೆ ಒಂದು ಸಿದ್ಧಾಂತದ ಪಂಚಾಂಗಕ್ಕೂ ಇನ್ನೊಂದಕ್ಕೂ ತಿಥಿಯ ಅಂತ್ಯದಲ್ಲಿ ಗಂಟೆಗಳ ವ್ಯತ್ಯಾಸ ಬರುತ್ತದೆ. ತಮ್ಮ ಒಂದು, ನಾನೊಂದು ಹಿಡಿದರೆ ಮತ್ತೆ ದಿನ ಬೇರೆಯಾಗುತ್ತದೆ. ನಾನೀಗ ಯುಗಾದಿಯ ದಿನ ತಮ್ಮನಿಗೆ ಫೋನ್ ಮಾಡಿ, ಅವನು ತಂದ ಹೊಸ ಪಂಚಾಂಗದಿಂದ ಆ ವರ್ಷದ ದಿನ ಕೇಳಿ ಬರೆದುಕೊಳ್ಳುತ್ತೇನೆ. ಪಂಡಿತರಿಗೆ ಆ ದಿನಾಂಕವನ್ನೇ ಹೇಳುತ್ತೇನೆ.

ನನ್ನ ಮಗಳು ಹುಟ್ಟಿದ್ದು ಚೆನ್ನೈನಲ್ಲಿ, ಬೆಳೆಯುತ್ತಿರುವುದು ದೆಹಲಿಯಲ್ಲಿ. ಅವಳ ಬಾಯಲ್ಲಿ ತಿಂಗಳ ಹೆಸರು ಜನವರಿ, ಫೆಬ್ರವರಿಯೇ. ಹೋದ ವರ್ಷ ಜುಲೈನಲ್ಲಿ ಶಾಲೆಯಿಂದ ಬಂದವಳು ‘ಅಪ್ಪಾ, ಸಾವನ್ ಬಂತಂತೆ’ ಎಂದಳು. ಅವಳ ಅಮ್ಮ ಅಡುಗೆಮನೆಯಿಂದಲೇ ಉತ್ತರಿಸಿದಳು: ‘ಅವರಿಗೆ ಬಂದಿದೆ. ನಮಗೆ ಇನ್ನೂ ಭೀಮನ ಅಮಾವಾಸ್ಯೆ ಆಗಬೇಕು.’